ಗುರುವಾರದವರೆಗೆ ಸೆಂಡ್ ಒತ್ತುವಂತಿಲ್ಲ

ನಮ್ಮದು ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಸಣ್ಣ ಕಂಪನಿ. ಗ್ರಾಹಕರ ಮೇಲ್‌ಗಳೆಲ್ಲ ಒಂದೇ ಇನ್‌ಬಾಕ್ಸ್‌ಗೆ ಬೀಳುತ್ತವೆ, ನಾವು ನಾಲ್ಕು ಜನ ಅದನ್ನೇ ತೆರೆದಿಟ್ಟುಕೊಂಡು ಉತ್ತರ ಕೊಡುತ್ತೇವೆ. ಹೊಸಬರು ಸೇರಿದರೆ ಮೊದಲ ವಾರ ಅವರು ನನ್ನ ಪಕ್ಕದ ಕುರ್ಚಿಯಲ್ಲಿ. ಉತ್ತರ ಬರೆಯುವುದನ್ನು ಕಲಿಸುವುದು ಅಂಥ ಕಷ್ಟವೇನಲ್ಲ, ಸೇವ್ ಮಾಡಿಟ್ಟ ಉತ್ತರಗಳು ಬೇಕಾದಷ್ಟಿವೆ. ಒಂದು ಮೇಲ್‌ನಲ್ಲಿ ಏನೇನು ಕೇಳಿದ್ದಾರೆ, ಅದರಲ್ಲಿ ಯಾವುದಕ್ಕೆ ಅವಸರ, ಯಾರು ಮಾಡಬೇಕು ಎಂದು ಗುರುತಿಸುವುದನ್ನು ಕಲಿಸಲು ಮಾತ್ರ ದಿನಗಳು ಬೇಕು. ಅದಕ್ಕೇ ನಾನು ಗುರುವಾರದವರೆಗೆ ಸೆಂಡ್ ಒತ್ತಲು ಬಿಡುವುದಿಲ್ಲ.

ಸೋಮವಾರ ಓದುವುದಷ್ಟೇ. ಕ್ಲೋಸ್ ಆಗಿರುವ ಹಳೆಯ ಮೇಲ್‌ಗಳಲ್ಲಿ ಇಪ್ಪತ್ತನ್ನು ನಾನೇ ಆರಿಸಿ ಕೊಡುತ್ತೇನೆ. ಪ್ರತಿಯೊಂದಕ್ಕೂ ಗ್ರಾಹಕರು ಕೇಳಿದ್ದೇನು, ನಾವು ಮಾಡಿದ್ದೇನು ಎಂದು ಎರಡೇ ಸಾಲು ಬರೆಯಬೇಕು. ಅವುಗಳಲ್ಲಿ ಕೆಲವನ್ನು ಬೇಕೆಂದೇ ಮತ್ತೆ ಓಪನ್ ಆದವುಗಳಿಂದ ಆರಿಸಿರುತ್ತೇನೆ. ಥ್ಯಾಂಕ್ಸ್ ಎಂದು ಬಂದ ಮೇಲ್‌ನ ಕೆಳಗಡೆ ಇನ್ನೊಂದು ಪ್ರಶ್ನೆ ಇದ್ದು, ಯಾರೋ ಮೊದಲ ಸಾಲು ನೋಡಿ ಮುಚ್ಚಿದಂಥವು.

ಮಂಗಳವಾರ ವಿಂಗಡಣೆ. ಬೆಳಗಿನ ರಾಶಿಯನ್ನು ಅವರೂ ನಾನೂ ಬೇರೆಬೇರೆಯಾಗಿ ನೋಡಿ, ಟ್ಯಾಗ್ ಏನು, ಯಾರಿಗೆ ಅಸೈನ್, ಇವತ್ತೇ ಆಗಬೇಕೋ ನಾಳೆಗಿಟ್ಟರೂ ನಡೆದೀತೋ ಎಂದು ಬರೆದು, ಆಮೇಲೆ ಹೋಲಿಸುತ್ತೇವೆ. ವಾರದಲ್ಲಿ ಅತಿ ಹೆಚ್ಚು ಮಾತಾಗುವುದು ಇಲ್ಲೇ. ಕಳೆದ ಸಲ ಸೇರಿದ ಹುಡುಗಿಯ ಮುಂದೆ ಬಂದ ಮೇಲ್ ಹೀಗಿತ್ತು: ‘ಯುಪಿಐನಲ್ಲಿ ದುಡ್ಡು ಕಟ್ ಆಯ್ತು, ಆರ್ಡರ್ ಫೇಲ್ ಅಂತ ಬಂತು. ಮತ್ತೆ ಕಟ್ಟಿದೆ, ಈ ಸಲ ಆಯ್ತು. ಮೊದಲನೇ ದುಡ್ಡು ವಾಪಸ್ ಮಾಡಿ. ಮನೆ ಬದಲಾಯಿಸಿದ್ದೀವಿ, ಅಡ್ರೆಸ್ ಹಳೇದೇ ಹೋಗಿದೆ ಅನ್ಸುತ್ತೆ.’

ಅವಳು ‘ರೀಫಂಡ್, ಅರ್ಜೆಂಟ್’ ಎಂದು ಬರೆದಿದ್ದಳು.

“ಮೇಡಂ, ದುಡ್ಡಿನ ವಿಷಯ ಅಲ್ವಾ?” ಎಂದಳು.

“ದುಡ್ಡು ಎಲ್ಲಿದೆ ಅಂತ ಮೊದಲು ನೋಡಮ್ಮ,” ಎಂದು ಪೇಮೆಂಟ್ ಗೇಟ್‌ವೇ ಡ್ಯಾಶ್‌ಬೋರ್ಡ್ ತೆರೆಸಿದೆ. ಮೊದಲ ಪಾವತಿಯ ಮುಂದೆ `failed` ಎಂದಿತ್ತು. ಅಂದರೆ ಹಣ ನಮ್ಮ ಕೈಗೆ ಬಂದೇ ಇಲ್ಲ, ಬ್ಯಾಂಕೇ ಹಿಂದಿರುಗಿಸಬೇಕು. ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ಕೈಕೊಟ್ಟರೆ, ಆ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಅದೇ ಜಾಗದಲ್ಲಿ `captured` ಎಂದಿದ್ದರೆ ಹಣ ನಮ್ಮಲ್ಲಿದೆ, ರೀಫಂಡ್ ನಾವು ಹಾಕಬೇಕು. ಗ್ರಾಹಕರಿಂದ ಕೇಳಬೇಕಾದ್ದು 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಮಾತ್ರ. ಪಿನ್, ಓಟಿಪಿ ಎಂಬ ಪದ ನಮ್ಮ ಮೇಲ್‌ನಲ್ಲಿ ಕೇಳುವ ಧಾಟಿಯಲ್ಲಿ ಬರಲೇಬಾರದು.

ಇಷ್ಟು ನೋಡಿದ ಮೇಲೆ ಅವಸರದ ಲೆಕ್ಕ ತಲೆಕೆಳಗಾಯಿತು. ದುಡ್ಡು ಐದು ದಿನ ಕಾಯಬಹುದು, ಅಡ್ರೆಸ್ ಕಾಯುವುದಿಲ್ಲ. ಸಂಜೆ ಕೊರಿಯರ್‌ನವರು ಬಂದು ಪಾರ್ಸೆಲ್ ಎತ್ತಿಕೊಂಡು ಹೋದರೆ ಅದು ಹಳೇ ಮನೆ ಬಾಗಿಲಿಗೇ. ಹಾಗಾಗಿ ಗ್ರಾಹಕರಿಗೆ ಉತ್ತರಿಸುವ ಮೊದಲೇ ಪ್ಯಾಕಿಂಗ್‌ನವರನ್ನು ಟ್ಯಾಗ್ ಮಾಡಿ, ಗ್ರಾಹಕರಿಗೆ ಕಾಣದೆ ನಮಗಷ್ಟೇ ಕಾಣುವ ಒಳ ನೋಟ್ ಹಾಕಿಸಿದೆ: ‘ಈ ಆರ್ಡರ್ ತಡೆಹಿಡಿಯಿರಿ, ಹೊಸ ಅಡ್ರೆಸ್ ಕೇಳುತ್ತಿದ್ದೇವೆ.’

ಬುಧವಾರ ಕರಡು ಬರೆಯುವ ದಿನ. ಅದನ್ನೂ ಉತ್ತರದ ಪೆಟ್ಟಿಗೆಯಲ್ಲಿ ಬರೆಯಬಾರದು, ಒಳ ನೋಟ್‌ನಲ್ಲಿ ಬರೆಯಬೇಕು. ಕೈತಪ್ಪಿ ಎಂಟರ್ ಬಿದ್ದರೂ ಹೊರಗೆ ಹೋಗುವುದಿಲ್ಲ. ನಾನು ತಿದ್ದಿ ಕಳಿಸುತ್ತೇನೆ. ತಿದ್ದುವ ಮೊದಲಿನದೂ ನಂತರದ್ದೂ ಅದೇ ಮೇಲ್‌ನಲ್ಲಿ ಉಳಿಯುತ್ತವೆ, ಹೋಲಿಸಿ ನೋಡಲು ಬೇರೆ ಪುಸ್ತಕ ಬೇಕಿಲ್ಲ. ಸೇವ್ ಮಾಡಿಟ್ಟ ಉತ್ತರ ಹಾಕಿದಾಗ ಹೆಸರು, ಆರ್ಡರ್ ನಂಬರ್ ಎರಡನ್ನೂ ಬೆರಳಿಟ್ಟು ನೋಡಿಸುತ್ತೇನೆ.

ಗುರುವಾರ ಸೆಂಡ್ ಬಟನ್ ಸಿಗುತ್ತದೆ, ಆದರೆ ‘ನನ್ನ ಆರ್ಡರ್ ಎಲ್ಲಿ’ ಎಂಬ ಒಂದೇ ಬಗೆಯ ಮೇಲ್‌ಗಳಿಗೆ. ನಿಯಮವೂ ಒಂದೇ: ಬರೆಯಲು ಶುರುಮಾಡುವ ಮುನ್ನ ಮೇಲ್ ಅನ್ನು ತಮ್ಮ ಹೆಸರಿಗೆ ಅಸೈನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬರೇ ಗ್ರಾಹಕರಿಗೆ ಇಬ್ಬರ ಉತ್ತರ ಹೋಗುತ್ತದೆ, ಒಬ್ಬರು ನಾಳೆ ಎಂದರೆ ಇನ್ನೊಬ್ಬರು ಶನಿವಾರ ಎನ್ನುತ್ತಾರೆ. ರಾಶಿಯ ಮೇಲಿಂದ ಕೆಳಗೆ ಹೋಗಬೇಕು, ಸುಲಭದ್ದನ್ನು ಹೆಕ್ಕುವಂತಿಲ್ಲ. ಹೆಕ್ಕುತ್ತಿದ್ದಾರೋ ಎಂದು ತಿಳಿಯುವುದು ಸುಲಭ: ಮಧ್ಯಾಹ್ನದ ಹೊತ್ತಿಗೆ ಹೊಸ ಮೇಲ್‌ಗಳು ಮುಗಿದಿದ್ದು, ಬೆಳಗಿನ ಉದ್ದುದ್ದ ಮೇಲ್‌ಗಳು ಹಾಗೇ ಕೂತಿರುತ್ತವೆ. ಎಷ್ಟು ಉತ್ತರ ಕಳಿಸಿದರು ಎಂದು ಮೊದಲ ವಾರ ನಾನು ಎಣಿಸುವುದೇ ಇಲ್ಲ. ಎಣಿಸಿದರೆ ಹೆಕ್ಕುವುದನ್ನೇ ಕಲಿಸಿದಂತಾಗುತ್ತದೆ.

ಶುಕ್ರವಾರ ಪೆಂಡಿಂಗ್ ಪಟ್ಟಿ. ಕೊರಿಯರ್‌ನವರ ಉತ್ತರಕ್ಕೋ ಗ್ರಾಹಕರ ಫೋಟೋಗೋ ಕಾಯುತ್ತಿರುವ ಮೇಲ್‌ಗಳು ಕಣ್ಣಿಗೆ ಬೀಳದೆ ಕೊಳೆಯುವುದು ಇಲ್ಲೇ. ಪ್ರತಿಯೊಂದರ ಒಳ ನೋಟ್‌ನಲ್ಲಿ ಯಾರಿಗೆ ಕಾಯುತ್ತಿದ್ದೇವೆ, ಯಾವತ್ತಿನವರೆಗೆ, ಆಮೇಲೇನು ಎಂದು ಬರೆಸಿ, ಆ ದಿನಕ್ಕೆ ಸ್ನೂಜ್ ಇಡಿಸುತ್ತೇನೆ. ಆ ಯುಪಿಐ ಮೇಲ್ ಕೂಡ ಆರನೇ ದಿನಕ್ಕೆ ಸ್ನೂಜ್ ಆಗಿತ್ತು, ದುಡ್ಡು ವಾಪಸ್ ಬಂತೇ ಎಂದು ಕೇಳುವುದಕ್ಕೆ.

ಎರಡನೇ ವಾರ ರಿಟರ್ನ್, ಸೈಜ್ ಬದಲಾವಣೆಯ ಮೇಲ್‌ಗಳು ಸೇರಿಕೊಳ್ಳುತ್ತವೆ. ರೀಫಂಡ್ ಹಾಕುವ ಪರ್ಮಿಷನ್ ಮಾತ್ರ ಆಗಲೂ ಕೊಡುವುದಿಲ್ಲ.