ಎಗ್ ಪಫ್ಸ್: ತಳ ಮೆತ್ತಗಾಗದ ಹಾಗೆ ನಾನು ಮಾಡುವ ರೀತಿ

ಒಳ್ಳೆಯ ಪಫ್ ಪೇಸ್ಟ್ರಿ ಶೀಟ್ ಸಿಕ್ಕರೆ ಪಫ್ಸ್ ಮೇಲೆ ತಾನಾಗಿಯೇ ಉಬ್ಬುತ್ತದೆ. ಕಷ್ಟ ಇರುವುದು ತಳದಲ್ಲಿ. ಕಾರವಾರದ ಮಳೆಗಾಲದಲ್ಲಿ ಕರಿದಿಟ್ಟ ಹಪ್ಪಳವೇ ಗಳಿಗೆಯಲ್ಲಿ ಮೆತ್ತಗಾಗುತ್ತದೆ, ಇನ್ನು ಒಳಗೆ ಈರುಳ್ಳಿ, ಮೊಟ್ಟೆ ತುಂಬಿಕೊಂಡ ಪಫ್ಸ್ ಕೇಳಬೇಕೇ?

ಆರು ಪಫ್ಸ್‌ನ ಒಳಗೆ ತುಂಬಲು ಮೂರು ಮೊಟ್ಟೆ, ನಾಲ್ಕು ಈರುಳ್ಳಿ ಸಾಕು. ಮಸಾಲೆ ಒಣಗಿರಬೇಕು. ಅದಕ್ಕೇ ಟೊಮೆಟೊ ಹಾಕುವುದಿಲ್ಲ. ಈರುಳ್ಳಿ ಬಾಣಲೆಗೆ ಬಿದ್ದ ಕೂಡಲೇ ಉಪ್ಪು ಹಾಕುತ್ತೇನೆ, ನೀರು ಬೇಗ ಬಿಟ್ಟು ಬೇಗ ಆರಿಹೋಗಲಿ ಅಂತ. ಬಣ್ಣ ತಿರುಗಿದ ಮೇಲೆ ಶುಂಠಿ-ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಗರಂ ಮಸಾಲೆ. ಸೌಟಿನಿಂದ ಬಾಣಲೆಯ ತಳ ಕೆರೆದರೆ ಆ ಗೆರೆಗೆ ನೀರು ಜಿನುಗಬಾರದು. ಜಿನುಗಿದರೆ ಇನ್ನೂ ಹುರಿಯಬೇಕು. ಕೊನೆಗೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸುತ್ತೇನೆ, ಉಳಿದ ಪಸೆ ಅದು ಹೀರಿಕೊಳ್ಳುತ್ತದೆ. ನಂತರ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿ ಮಸಾಲೆ ಇಟ್ಟರೆ ಶೀಟಿನ ಪದರಗಳ ನಡುವಿನ ಕೊಬ್ಬು ಓವನ್‌ಗೆ ಹೋಗುವ ಮೊದಲೇ ಕರಗುತ್ತದೆ, ಆಮೇಲೆ ಪದರ ಬಿಡುವುದಿಲ್ಲ.

ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ತೆಗೆದು ಬಟ್ಟೆಯಲ್ಲಿ ಒರೆಸಿ, ಎರಡು ಹೋಳು ಮಾಡುತ್ತೇನೆ. ಶೀಟ್ ಫ್ರಿಜ್‌ನಿಂದ ತೆಗೆದು, ಮಡಿಸಲು ಬರುವಷ್ಟು ಮಾತ್ರ ಸಡಿಲವಾದಾಗ ಚೌಕಗಳಾಗಿ ಕತ್ತರಿಸಬೇಕು. ನಮ್ಮ ಸೆಕೆಯಲ್ಲಿ ಅದು ಬೇಗ ಜೋತುಬೀಳುತ್ತದೆ, ಹಾಗಾದರೆ ಮತ್ತೆ ಫ್ರಿಜ್‌ಗೆ. ನಡುವೆ ತುಂಬು ಚಮಚ ಮಸಾಲೆ, ಅದರ ಮೇಲೆ ಹಳದಿ ಕೆಳಗಾಗಿ ಅರ್ಧ ಮೊಟ್ಟೆ. ಎದುರು-ಬದುರಿನ ಎರಡು ಮೂಲೆಗಳನ್ನು ಮಾತ್ರ ಮೇಲೆ ತಂದು ಅಂಟಿಸಿ, ಉಳಿದೆರಡು ಬದಿ ತೆರೆದಿಡುತ್ತೇನೆ. ಹಬೆ ಹೋಗಲು ದಾರಿ ಬೇಕಲ್ವಾ? ಮೇಲೆ ಕದಡಿದ ಹಸಿ ಮೊಟ್ಟೆ ಹಚ್ಚುವಾಗ ಕತ್ತರಿಸಿದ ಅಂಚಿಗೆ ತಾಗಬಾರದು, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ತಳದ ವಿಷಯ. ಓಟಿಜಿಯನ್ನು 200 ಡಿಗ್ರಿಗೆ ಕಾಯಿಸುವಾಗ ಖಾಲಿ ಟ್ರೇಯೂ ಒಳಗೇ ಇರಲಿ. ಪಫ್ಸ್‌ಗಳನ್ನು ಬೇಕಿಂಗ್ ಪೇಪರ್ ಮೇಲೆ ಜೋಡಿಸಿಟ್ಟು, ಪೇಪರ್ ಸಮೇತ ಆ ಕಾದ ಟ್ರೇಗೆ ಜಾರಿಸುತ್ತೇನೆ. ಮಸಾಲೆಯ ಪಸೆ ಇಳಿಯುವ ಮೊದಲೇ ತಳ ಬೇಯಲು ಶುರುವಾಗುತ್ತದೆ. ತಣ್ಣನೆ ಟ್ರೇಯಲ್ಲಿ ಕೊಬ್ಬು ಕರಗಿ ಹರಿದು, ತಳ ಅದರಲ್ಲೇ ನೆನೆಯುತ್ತದೆ. ಟ್ರೇ ಕೆಳಗಿನ ಸಾಲಿನಲ್ಲಿ, ರಾಡ್ ಎರಡೂ ಉರಿಯಲಿ. ಮೊದಲ 15 ನಿಮಿಷ ಬಾಗಿಲು ತೆಗೆಯಬಾರದು. ಒಟ್ಟು 25 ನಿಮಿಷದ ಸುಮಾರಿಗೆ ಒಂದನ್ನು ಚಾಕುವಿನಿಂದ ಎತ್ತಿ ನೋಡುತ್ತೇನೆ. ಮೇಲಿನ ಬಣ್ಣ ನಂಬುವ ಹಾಗಿಲ್ಲ, ಮೊಟ್ಟೆ ಹಚ್ಚಿದ್ದರಿಂದ ಅದು ಬೇಗ ಕೆಂಪಾಗುತ್ತದೆ. ತಳ ಬಿಳಿಚಿಕೊಂಡು ನಡುವೆ ಬಾಗಿದರೆ ಇನ್ನೂ ಐದು ನಿಮಿಷ, ಮೇಲೊಂದು ಫಾಯಿಲ್ ಹೊದಿಸಿ.

ತೆಗೆದ ಮೇಲೆ ಟ್ರೇಯಲ್ಲೇ ಬಿಡಬೇಡಿ, ತಟ್ಟೆಗೂ ಹಾಕಬೇಡಿ. ಅಡಿಯಲ್ಲಿ ಹಬೆ ನಿಂತು ಮಾಡಿದ್ದೆಲ್ಲ ವ್ಯರ್ಥ. ತಂತಿ ಜಾಲರಿ ಮೇಲೆ ಇಡಿ. ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಬಲ್ಬ್ ಉರಿಯುವುದು ಸುಮ್ನೆ ಅಲ್ಲ, ಆ ಶಾಖಕ್ಕೆ ಪಫ್ಸ್ ಒಣಗಿ ಇರುತ್ತದೆ. ಮನೆಯಲ್ಲಿ ಅದಿಲ್ಲ, ಮಳೆಗಾಲದಲ್ಲಿ ಜಾಸ್ತಿ ಹೊತ್ತು ಗರಿಗರಿ ಉಳಿಯುವುದೂ ಇಲ್ಲ. ತಿನ್ನುವ ಮುಂಚೆ 160 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡುತ್ತೇನೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ತೊಗಲಿನ ಹಾಗೆ ಆಗುತ್ತದೆ.