ಪಲ್ಸ್ ಕಿರಿದಾದರೆ ಸ್ಪೆಕ್ಟ್ರಮ್ ಯಾಕೆ ಅಗಲವಾಗುತ್ತದೆ?

ಕಾಸರಗೋಡಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳೇ ಜಾಸ್ತಿ. ಆಯತಾಕಾರದ ಪಲ್ಸ್‌ನ ಫೂರಿಯರ್ ಟ್ರಾನ್ಸ್‌ಫಾರ್ಮ್, ಅಂದರೆ ಅದರಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್, ಬಂದಾಗ ಇಂಟಿಗ್ರೇಷನ್ ಎಲ್ಲರೂ ಮಾಡುತ್ತಾರೆ. "ಮಾಷ್ಟ್ರೇ, ಲೆಕ್ಕ ಸರಿ ಬಂತು. ಆದ್ರೆ ಸ್ಪೆಕ್ಟ್ರಮ್ ಸೊನ್ನೆಗೆ ಯಾಕೆ ಇಳೀತದೆ?" ಎಂದು ಒಬ್ಬಳು ಕೇಳಿದಳು. ಅಲ್ಲಿಂದ ನಾನು ಈ ಪಾಠವನ್ನು ಗ್ರಾಫ್ ಹಾಳೆಯಿಂದಲೇ ಶುರು ಮಾಡುತ್ತೇನೆ.

1 ವೋಲ್ಟ್ ಎತ್ತರ, 1 ಮಿಲಿಸೆಕೆಂಡ್ ಅಗಲದ ಪಲ್ಸ್ ತೆಗೆದುಕೊಳ್ಳುತ್ತೇವೆ. ಅದರ ನಡುಭಾಗ t = 0 ದಲ್ಲಿರಲಿ. ಆಗ ಸೈನ್ ಭಾಗ ಎರಡೂ ಬದಿಯಲ್ಲಿ ಸರಿಸಮ ಕಳೆದುಹೋಗುತ್ತದೆ, ಕೊಸೈನ್ ಮಾತ್ರ ಉಳಿಯುತ್ತದೆ. ಪಲ್ಸ್‌ನ ಅಗಲದೊಳಗೆ ಕೊಸೈನ್ ಅಲೆ ಬರೆದು, ಗೆರೆಯ ಮೇಲಿನ ಚೌಕಗಳಿಂದ ಕೆಳಗಿನ ಚೌಕಗಳನ್ನು ಕಳೆಯಬೇಕು. ಉಳಿದದ್ದೇ ಆ ಆವರ್ತನದ ಉತ್ತರ.

100 ಹರ್ಟ್ಸ್ ಅಲೆ ಅಷ್ಟು ಹೊತ್ತಿನಲ್ಲಿ ಹೆಚ್ಚು ಬಾಗುವುದೇ ಇಲ್ಲ. ಹಾಗಾಗಿ ಹೆಚ್ಚುಕಡಿಮೆ ಇಡೀ ಪಲ್ಸ್ ಸೇರುತ್ತದೆ. 1000 ಹರ್ಟ್ಸ್‌ನಲ್ಲಿ ಸರಿಯಾಗಿ ಒಂದು ಸುತ್ತು ಹಿಡಿಸುತ್ತದೆ. ಮೇಲೆ ಇದ್ದಷ್ಟೇ ಕೆಳಗೆ, ಉತ್ತರ ಸೊನ್ನೆ. 1500 ಹರ್ಟ್ಸ್‌ನಲ್ಲಿ ಒಂದೂವರೆ ಸುತ್ತು. ಅರ್ಧ ಸುತ್ತಿನಷ್ಟು ಕೆಳಗಿನ ಭಾಗ ಕಳೆಯದೆ ಉಳಿಯುತ್ತದೆ, ಅದಕ್ಕೇ ಉತ್ತರ ಮೈನಸ್. 2000ಕ್ಕೆ ಮತ್ತೆ ಸೊನ್ನೆ. ಈ ಬಿಂದುಗಳನ್ನು ಸೇರಿಸಿದರೆ ನಡುವೆ ದೊಡ್ಡ ಶಿಖರ, ಪಕ್ಕಗಳಲ್ಲಿ ಸಣ್ಣ ಗುಡ್ಡಗಳಿರುವ ಸಿಂಕ್ ಆಕಾರ ಎದುರಿಗೆ ಬರುತ್ತದೆ. ಆಮೇಲೆ ಸೂತ್ರ ಬರೆಯುತ್ತೇನೆ. A ಪಲ್ಸ್‌ನ ಎತ್ತರ, T ಅದರ ಅಗಲ, f ಆವರ್ತನ:

```
X(f) = A T · sin(πfT) / (πfT)
```

ಈಗ ಪಲ್ಸನ್ನು ಅರ್ಧ ಮಿಲಿಸೆಕೆಂಡಿಗೆ ಇಳಿಸಿ. ಅಷ್ಟು ಕಡಿಮೆ ಜಾಗದಲ್ಲಿ ಒಂದು ಸುತ್ತು ಮುಗಿಸಲು ಅಲೆ ಎರಡು ಪಟ್ಟು ಬೇಗ ಓಡಬೇಕು. ಹಾಗಾಗಿ ಮೊದಲ ಸೊನ್ನೆ 2000 ಹರ್ಟ್ಸ್‌ಗೆ ಹೋಗುತ್ತದೆ. ಅಗಲದ ಗುಟ್ಟು ಇಷ್ಟೇ: ಸೊನ್ನೆ ಬರುವುದು 1/T ಯಲ್ಲಿ. ಎತ್ತರವೂ ಅರ್ಧವಾಗುತ್ತದೆ, ಏಕೆಂದರೆ f = 0 ದಲ್ಲಿ ಸಿಗುವುದು ಪಲ್ಸ್‌ನ ವಿಸ್ತೀರ್ಣ AT. ಆದರೆ ಸಿಂಕ್‌ನ ಒಟ್ಟು ವಿಸ್ತೀರ್ಣ ಬದಲಾಗುವುದಿಲ್ಲ. ಅದು ಯಾವಾಗಲೂ ಪಲ್ಸ್‌ನ ನಡುವಿನ ಎತ್ತರ A. ನನಗೆ ತುಂಬ ಇಷ್ಟವಾದ ಸಂಗತಿ ಇದು.

ಲ್ಯಾಬ್‌ನಲ್ಲಿ ಫಂಕ್ಷನ್ ಜನರೇಟರ್‌ನಿಂದ ಪಲ್ಸ್ ಕೊಟ್ಟು ಆಸಿಲೋಸ್ಕೋಪ್‌ನಲ್ಲಿ ಸ್ಪೆಕ್ಟ್ರಮ್ ತೋರಿಸುವ ಎಫ್‌ಎಫ್‌ಟಿ ನೋಡುವಾಗ ಎರಡು ವಿಷಯ ಗಮನಿಸಬೇಕು. ಪಲ್ಸ್ 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸಿದರೆ, ಪರದೆಯಲ್ಲಿ 50 ಹರ್ಟ್ಸ್ ಅಂತರದ ಗೆರೆಗಳು ಕಾಣುತ್ತವೆ. ಸಿಂಕ್ ಅವುಗಳ ಹೊರ ಅಂಚು ಮಾತ್ರ. ಮತ್ತೊಂದು, ಸ್ಕೋಪ್ ಪರಿಮಾಣ ಮಾತ್ರ ತೋರಿಸುತ್ತದೆ. ಮೈನಸ್ ಗುಡ್ಡಗಳೂ ಮೇಲ್ಮುಖವಾಗಿಯೇ ಕಾಣುತ್ತವೆ.

ಪಕ್ಕದ ಮೊದಲ ಗುಡ್ಡವನ್ನೂ ಅಳೆಯಿರಿ. ಮುಖ್ಯ ಶಿಖರಕ್ಕಿಂತ ಅದು ಸುಮಾರು 13 ಡೆಸಿಬೆಲ್ ಕೆಳಗಿರುತ್ತದೆ. ಪಲ್ಸ್ ಎಷ್ಟೇ ಅಗಲ ಮಾಡಿದರೂ ಈ ಅಂತರ ಹಾಗೇ ಇರುತ್ತದೆ. ಅದನ್ನು ತಗ್ಗಿಸಲು ಆಕಾರವನ್ನೇ ಬದಲಿಸಬೇಕು. ಒಟ್ಟು ಅಗಲ ಅದೇ 1 ಮಿಲಿಸೆಕೆಂಡ್ ಇಟ್ಟು ತ್ರಿಕೋನ ಪಲ್ಸ್ ಕೊಟ್ಟರೆ ಪಕ್ಕದ ಗುಡ್ಡ ಮುಖ್ಯ ಶಿಖರಕ್ಕಿಂತ ಸುಮಾರು 26 ಡೆಸಿಬೆಲ್ ಕೆಳಕ್ಕಿಳಿಯುತ್ತದೆ, ಆದರೆ ಮೊದಲ ಸೊನ್ನೆ 2000 ಹರ್ಟ್ಸ್‌ಗೆ ಸರಿಯುತ್ತದೆ.