ಹಾಳೆ ತಟ್ಟೆಗೆ ತಿಂಗಳಿಗೆ 30 ಸಾವಿರ ಲಾಭ: ಗೋಲ್ ಸೀಕ್ ಹೇಳಿದ್ದು, ಡೇಟಾ ಟೇಬಲ್ ತೋರಿಸಿದ್ದು

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಎರಡು ಪ್ರೆಸ್, ಹಿಂದೆ ಒಂದು ಕೊಟ್ಟಗೆ. ಮೂರು ವರ್ಷ ರೇಟನ್ನು ಬೇರೆಯವರ ಬಾಯಿ ನೋಡಿಯೇ ಇಟ್ಟೆ. ಪಕ್ಕದ ಘಟಕದವರು ಹತ್ತಿಂಚಿನ ತಟ್ಟೆಗೆ 4 ರೂಪಾಯಿ ಅಂದರೆ ನಾನೂ 4 ರೂಪಾಯಿ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ರೇಟು ಏರಿಸುತ್ತೇನೆ ಅಂದಾಗ ಭಾವ ನೇರವಾಗಿ ಹೇಳಿದರು, "ಸುಮ್ನೆ ಇರು ಮಾರಾಯ, ಕಂಪ್ಯೂಟರಿನಲ್ಲಿ ರೇಟು ಏರಿದರೆ ಅಡಿಗೆಯವರು ಕೊಡುತ್ತಾರಾ?" ಈಗ ಅವರೇ ತಿಂಗಳ ಕೊನೆಗೆ ಶೀಟು ತೆಗೆದು ತೋರಿಸು ಅನ್ನುತ್ತಾರೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನನಗೆ ಬೇಕಾಗಿದ್ದದ್ದು ತಿಂಗಳಿಗೆ 30,000 ರೂಪಾಯಿ ಲಾಭ. ಎಲ್ಲ ಖರ್ಚು ಕಳೆದು, ಸಾಲದ ಕಂತೂ ಕಟ್ಟಿ ಉಳಿಯಬೇಕು. ಅದಕ್ಕೆ ಎಷ್ಟು ತಟ್ಟೆ ಮಾರಬೇಕು, ಎಷ್ಟಕ್ಕೆ ಮಾರಬೇಕು?

ಶೀಟು ದೊಡ್ಡದೇನಲ್ಲ. B1ರಲ್ಲಿ ರೇಟು, B2ರಲ್ಲಿ ಮಾರುವ ತಟ್ಟೆ. B3 ಅಂದರೆ ಒಂದು ತಟ್ಟೆ ಒತ್ತುವ ಖರ್ಚು, 1.84. ಇದರಲ್ಲಿ ಹಾಳೆಗೆ ಸುಮಾರು 1 ರೂಪಾಯಿ, ಒತ್ತುವವರ ಕೂಲಿ 60 ಪೈಸೆ, ಉಳಿದದ್ದು ಕರೆಂಟು. B4ರಲ್ಲಿ ಹಾಳಾಗುವ ತಟ್ಟೆ ನೂರಕ್ಕೆ ಎಷ್ಟು ಅಂತ 8% ಎಂದೇ ಚಿಹ್ನೆ ಸೇರಿಸಿ, B5ರಲ್ಲಿ ಪ್ಯಾಕಿಂಗ್ 20 ಪೈಸೆ, B6ರಲ್ಲಿ ಸಾಗಾಟ 30 ಪೈಸೆ. B7ರಲ್ಲಿ ಕಂತು, ಬಾಡಿಗೆ, ಮೇಸ್ತ್ರಿಯ ಸಂಬಳ ಎಲ್ಲ ಸೇರಿ 33,000. B9ರಲ್ಲಿ ಲಾಭ.

ಮೊದಲ ಸಲ ನಾನು B4 ಇಟ್ಟಿರಲೇ ಇಲ್ಲ. ತಟ್ಟೆಗೆ 1.84, ಮೇಲೆ 50 ಪೈಸೆ, ಒಟ್ಟು 2.34 ಅಂತ ಹಿಡಿದೆ. 4 ರೂಪಾಯಿಯಂತೆ 33,000 ತಟ್ಟೆ ಮಾರಿದರೆ 21-22 ಸಾವಿರ ಉಳಿಯಬೇಕು ಅಂತ ಶೀಟು ಹೇಳಿತು. ಕೈಗೆ ಬಂದದ್ದು 16 ಸಾವಿರ ಚಿಲ್ಲರೆ. ಐದು ಸಾವಿರ ಎಲ್ಲಿ ಹೋಯಿತು ಅಂತ ಎರಡು ದಿನ ಬಿಲ್ಲು ಹುಡುಕಿದೆ. ಹೋದದ್ದು ಕೊಟ್ಟಗೆಯ ಮೂಲೆಯಲ್ಲಿತ್ತು. ಅಂಚು ಸೀಳಿದ, ಬೂಸ್ಟು ಹಿಡಿದ, ಕಪ್ಪು ಕಲೆ ಬಿದ್ದ ತಟ್ಟೆಗಳು. ಅವುಗಳಿಗೂ ಹಾಳೆ, ಕೂಲಿ, ಕರೆಂಟು ಹೋಗಿದೆ. ಪ್ಯಾಕಿಂಗ್, ಸಾಗಾಟ ಮಾತ್ರ ಹೋಗಿಲ್ಲ. ಹಾಗಾಗಿ ಒತ್ತುವ ಖರ್ಚನ್ನು ಮಾತ್ರ ಭಾಗಿಸಬೇಕು:

```
=B2*(B1-B3/(1-B4)-B5-B6)-B7
```

ನೂರಕ್ಕೆ 8 ಹಾಳಾದರೆ 1.84 ಇದ್ದದ್ದು 2 ರೂಪಾಯಿ ಆಗುತ್ತದೆ. ಒಂದು ಒಳ್ಳೆಯ ತಟ್ಟೆಯ ನಿಜವಾದ ಖರ್ಚು 2.50. ಈ 16 ಪೈಸೆ ಕೂಡಿ ಕೂಡಿ ಐದು ಸಾವಿರ ಆಗಿತ್ತು.

ಸೂತ್ರ ಸರಿಯಾದ ಮೇಲೆ ಎಕ್ಸೆಲ್‌ನ `Data` ಟ್ಯಾಬಿನಲ್ಲಿ `What-If Analysis` ಒಳಗಿರುವ ಗೋಲ್ ಸೀಕ್ ತೆರೆದೆ. ಬೇಕಾದ ಉತ್ತರ ಹೇಳಿದರೆ ಅದಕ್ಕೆ ಯಾವ ಸಂಖ್ಯೆ ಹಾಕಬೇಕು ಅಂತ ಅದು ಹುಡುಕಿ ಕೊಡುತ್ತದೆ. `Set cell` ಅಂದಲ್ಲಿ B9, `To value` ಅಂದಲ್ಲಿ 30000, `By changing cell` ಅಂದಲ್ಲಿ B2. `To value`ಗೆ ಸೆಲ್ ವಿಳಾಸ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಸಂಖ್ಯೆಯನ್ನೇ ಟೈಪ್ ಮಾಡಬೇಕು. ಉತ್ತರ ಬಂತು: 42,000 ತಟ್ಟೆ.

ನಮ್ಮಲ್ಲಿ ಎರಡು ಪ್ರೆಸ್ ಸೇರಿ ತಿಂಗಳಿಗೆ ಒತ್ತುವುದೇ 36,000ದ ಆಸುಪಾಸು. ಅದರಲ್ಲಿ 8 ಭಾಗ ಹೋದರೆ ಕೈಯಲ್ಲಿ ಉಳಿಯುವುದು 33,000. ಅಂದರೆ 4 ರೂಪಾಯಿ ರೇಟಿನಲ್ಲಿ ನಾನು ರಾತ್ರಿ ಹಗಲು ಒತ್ತಿಸಿದರೂ 30 ಸಾವಿರ ಮುಟ್ಟುವುದಿಲ್ಲ. ಇದು ಮೂರು ವರ್ಷ ನನಗೆ ಗೊತ್ತಿರಲಿಲ್ಲ!

ಆಗ ಮೂರನೇ ಪ್ರೆಸ್ ತೆಗೆದುಕೊಳ್ಳುವ ಯೋಚನೆ ಬಂತು. ಮೆಷಿನ್ ಮಾರುವವರೊಬ್ಬರು ಮನೆಗೇ ಬಂದು ಕೂತಿದ್ದರು. ತಿಂಗಳಿಗೆ 7,000 ಕಂತು ಮಾತ್ರ ಅಂದರು. ಅವರು ಕಾಫಿ ಕುಡಿಯುವಷ್ಟರಲ್ಲಿ B7ಕ್ಕೆ 7,000 ಸೇರಿಸಿ ಮತ್ತೆ ಗೋಲ್ ಸೀಕ್ ಹಾಕಿದೆ. 46,667 ಅಂತ ಬಂತು. ಮೂರು ಪ್ರೆಸ್ಸಿನಲ್ಲಿ ಅಷ್ಟು ಒತ್ತಬಹುದು. ಆದರೆ ಕೊಳ್ಳುವವರು ಯಾರು, ಅಷ್ಟು ಒಳ್ಳೆಯ ಹಾಳೆ ತರುವುದು ಎಲ್ಲಿಂದ? ಪ್ರೆಸ್ ಬೇಡ ಅಂತ ಅಲ್ಲೇ ಹೇಳಿ ಕಳಿಸಿದೆ. ಆ ದಿನ ಮಾಡಿದ ಲೆಕ್ಕದ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಮುಂದೆ B2ರಲ್ಲಿ 33,000 ಇಟ್ಟು, ಬದಲಾಗುವ ಸೆಲ್ B1 ಮಾಡಿದೆ. 4.41 ಬಂತು. ಒಂದು ಎಚ್ಚರಿಕೆ ಹೇಳುತ್ತೇನೆ. OK ಒತ್ತಿದರೆ ಗೋಲ್ ಸೀಕ್ ನಿಮ್ಮ ಹಳೆಯ ರೇಟನ್ನು ಅಳಿಸಿ ಅಲ್ಲೇ ಉತ್ತರ ಬರೆಯುತ್ತದೆ. ನಾನು ಒಮ್ಮೆ ಹಾಗೇ ಸೇವ್ ಮಾಡಿ, ಮರುದಿನ 4.409 ಅನ್ನುವ ರೇಟಿನಲ್ಲಿ ಬಿಲ್ಲು ಮಾಡಿ ಕೊಟ್ಟಿದ್ದೆ. ಈಗ ಗೋಲ್ ಸೀಕ್‌ಗೆ ಬೇರೆಯೇ ಶೀಟು ಇಟ್ಟಿದ್ದೇನೆ.

ಆದರೆ ಇರುವುದೆಲ್ಲ ಒತ್ತಿ, ಒತ್ತಿದ್ದೆಲ್ಲ ಮಾರಿದರೆ ಮಾತ್ರ ಈ 4.41. ಒಂದು ವಾರ ಕೂಲಿಯವರು ಬಾರದಿದ್ದರೆ? ಗೋಲ್ ಸೀಕ್ ಒಂದೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದರ ಅಕ್ಕಪಕ್ಕ ಏನಿದೆ ಅಂತ ನೋಡಲು ಅದೇ `What-If Analysis` ಒಳಗಿನ ಡೇಟಾ ಟೇಬಲ್ ಬೇಕು. ಕೆಳಕ್ಕೆ ತಟ್ಟೆಗಳು, 28,000ದಿಂದ 33,000ದವರೆಗೆ. ಅಡ್ಡಕ್ಕೆ ರೇಟು, 4ರಿಂದ 4.80ರವರೆಗೆ. ಮೂಲೆಯ ಸೆಲ್‌ನಲ್ಲಿ `=B9`. ಅಂಚೂ ಮೂಲೆಯೂ ಸೇರಿ ಇಡೀ ಚೌಕ ಆರಿಸಿ ಡೇಟಾ ಟೇಬಲ್ ತೆರೆದೆ. `Row input cell` B1, `Column input cell` B2.

ಮೊದಲ ಸಲ ಇವೆರಡನ್ನೂ ಅದಲು ಬದಲು ಮಾಡಿದ್ದೆ. ಎಕ್ಸೆಲ್ ತಪ್ಪು ಅಂತ ಹೇಳುವುದಿಲ್ಲ. 4.25 ತಟ್ಟೆಯನ್ನು ತಲಾ 30,000 ರೂಪಾಯಿಗೆ ಮಾರಿದ ಹಾಗೆ ಲೆಕ್ಕ ಮಾಡಿ 94,000 ಚಿಲ್ಲರೆ ಲಾಭ ತೋರಿಸಿತು. ನಿಜವಾಗಿ ಅಲ್ಲಿ ಬರಬೇಕಾದದ್ದು 19,500. ಅಂದಿನಿಂದ ಟೇಬಲ್ ಮಾಡಿದ ಕೂಡಲೇ ಯಾವುದಾದರೂ ಒಂದು ಮನೆಯ ಲೆಕ್ಕವನ್ನು ಕೈಯಲ್ಲಿ ಹಾಕಿ ತಾಳೆ ನೋಡುತ್ತೇನೆ. ಅಂಚಿನ ಸಂಖ್ಯೆಗಳನ್ನೂ ಟೈಪ್ ಮಾಡಿಯೇ ಇಡಬೇಕು. ಮೊದಲ ರೇಟಿಗೆ `=B1` ಅಂತ ಕೊಟ್ಟರೆ, ಟೇಬಲ್ ಲೆಕ್ಕ ಮಾಡುವಾಗ B1 ಬದಲಾದ ಹಾಗೆ ಅಂಚೂ ಬದಲಾಗಿ ಸಾಲುಗಟ್ಟಲೆ ತಪ್ಪು ಬರುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ.

ಇನ್ನು ಮುಖ್ಯ ವಿಷಯ. ಸಾಗಾಟ ತಟ್ಟೆಗೆ 30 ಪೈಸೆ ಅಂತ ಹಿಡಿದಿದ್ದೆ ಅಲ್ವಾ? ಪಿಕಪ್‌ನವರು ತಟ್ಟೆ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಒಂದು ಟ್ರಿಪ್ಪಿಗೆ 1,500, ಒಂದು ಟ್ರಿಪ್ಪಿನಲ್ಲಿ ಹಿಡಿಯುವುದು 5,000. ಅರ್ಧ ತುಂಬಿದರೂ ಬಾಡಿಗೆ ಪೂರ್ತಿ. ಹಾಗಾಗಿ ಸೂತ್ರ ಬದಲಿಸಿದೆ:

```
=B2*(B1-B3/(1-B4)-B5)-ROUNDUP(B2/5000,0)*1500-B7
```

ರೇಟು 4.60 ಇಟ್ಟು ಎಷ್ಟು ತಟ್ಟೆ ಬೇಕು ಅಂತ ಗೋಲ್ ಸೀಕ್ ಹಾಕಿದೆ. B2ರಲ್ಲಿ 33,000 ಇದ್ದಾಗ 30,625 ಅಂತ ಬಂತು. B2ರಲ್ಲಿ 28,000 ಇಟ್ಟು ಶುರು ಮಾಡಿದರೆ 30,000ದ ಹತ್ತಿರ ಹೋಗಿ ಒದ್ದಾಡಿ, ಉತ್ತರ ಸಿಕ್ಕಿಲ್ಲ ಅನ್ನುವ ಮಾತು ಬಂತು. ಶೀಟು ಕೆಟ್ಟಿದೆ ಅಂದುಕೊಂಡು ಅರ್ಧ ರಾತ್ರಿ ಹಾಳು ಮಾಡಿದೆ. ಕೆಟ್ಟಿರಲಿಲ್ಲ. ROUNDUP ಇದ್ದಲ್ಲಿ ಲಾಭ ಏರುತ್ತಾ ಹೋಗಿ, ಹೊಸ ಟ್ರಿಪ್ ಶುರುವಾದ ಕೂಡಲೇ ದಡಕ್ಕನೆ 1,500 ಇಳಿಯುತ್ತದೆ. ಗೋಲ್ ಸೀಕ್ ಸ್ವಲ್ಪ ಸ್ವಲ್ಪ ಬದಲಿಸಿ ಹುಡುಕುವಂಥದ್ದು, ಇಂಥ ಮೆಟ್ಟಿಲಲ್ಲಿ ಅದು ಎಡವುತ್ತದೆ. ಎಲ್ಲಿಂದ ಹೊರಟಿತು ಅನ್ನುವುದರ ಮೇಲೆ ಉತ್ತರವೂ ಬೇರೆಯಾಗಬಹುದು.

ಡೇಟಾ ಟೇಬಲ್‌ಗೆ ಈ ತೊಂದರೆ ಇಲ್ಲ. ಅದು ಹುಡುಕುವುದಿಲ್ಲ, ಕೊಟ್ಟ ಸಂಖ್ಯೆ ಹಾಕಿ ಲೆಕ್ಕ ಮಾಡುತ್ತದೆ ಅಷ್ಟೇ. ಐನೂರು ಐನೂರರ ಅಂತರದಲ್ಲಿ ಸಾಲು ಮಾಡಿದೆ. 4.60ರ ಕೆಳಗೆ 30,000 ತಟ್ಟೆಗೆ ಸರಿಯಾಗಿ 30,000 ಲಾಭ. 30,500ಕ್ಕೆ 29,700. 31,000ಕ್ಕೆ 30,900. ಅಂದರೆ ಆರು ಟ್ರಿಪ್ ತುಂಬಿದ ಮೇಲೆ ಒತ್ತುವ ಮೊದಲ 625 ತಟ್ಟೆ ಏಳನೇ ಪಿಕಪ್ಪಿನ ಬಾಡಿಗೆಗೇ ಸರಿ. ಗೋಲ್ ಸೀಕ್ ಹೇಳಿದ 30,625 ಸುಳ್ಳಲ್ಲ, ಆದರೆ ಅಷ್ಟೇ ಲಾಭ 30,000ಕ್ಕೇ ಸಿಗುತ್ತದೆ, ಒಂದು ದಿನದ ಅರ್ಧ ಕೆಲಸವೂ ಉಳಿಯುತ್ತದೆ.

ಹಾಗೆ ಗುರಿ ನಿಂತದ್ದು 30,000 ತಟ್ಟೆ, ಸರಾಸರಿ 4.60, ಆರು ಟ್ರಿಪ್. ಒಬ್ಬರೇ 4.60 ಕೊಡುವುದಿಲ್ಲ. ಮಂಗಳೂರಿನ ಸಗಟಿನವರಿಗೆ 18,000 ತಟ್ಟೆ 4.50ಕ್ಕೆ, ಮದುವೆ, ಉಪನಯನ, ಬ್ರಹ್ಮಕಲಶದ ಅಡಿಗೆಯವರಿಗೆ 12,000 ತಟ್ಟೆ 4.75ಕ್ಕೆ. ಕೂಡಿಸಿ ನೋಡಿ, 1,38,000 ಆಗುತ್ತದೆ. ಅಡಿಗೆಯವರು ಚೌಕಾಸಿ ಇಲ್ಲದೆ 4.75 ಯಾಕೆ ಕೊಟ್ಟರು ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ತಟ್ಟೆಯನ್ನು ವಿಂಗಡಿಸುವ ರೀತಿಯಲ್ಲಿ ಒಂದು ಕ್ರಮ ಇದೆ. ಮೊದಲ ತಿಂಗಳು ಉಳಿದದ್ದು 28 ಸಾವಿರ, ಎರಡನೆಯ ತಿಂಗಳು 30 ದಾಟಿತು.

ಇದರ ನಡುವೆ ಇನ್ನೊಂದು ಟೇಬಲ್ ಮಾಡಿದೆ. ಒಂದು ಅಂಚಿಗೆ ರೇಟು, ಇನ್ನೊಂದಕ್ಕೆ ಹಾಳಾಗುವ ಪ್ರಮಾಣ. ನಮ್ಮ ಮಳೆಗಾಲ ಗೊತ್ತಲ್ಲ, ಆಟಿ ತಿಂಗಳಲ್ಲಿ ನೂರಕ್ಕೆ 20 ಬೂಸ್ಟು ಹಿಡಿದು ಹೋದದ್ದಿದೆ. 20ರ ಸಾಲಿನಲ್ಲಿ 30 ಸಾವಿರ ಲಾಭ 21 ಸಾವಿರಕ್ಕೆ ಇಳಿದಿತ್ತು. ಅದೂ ಪೂರ್ತಿ ನಿಜವಲ್ಲ. ಐದರಲ್ಲಿ ಒಂದು ಹೋದರೆ 30,000 ಒಳ್ಳೆಯ ತಟ್ಟೆಗೆ 37,500 ಒತ್ತಬೇಕು, ನಮ್ಮ ಪ್ರೆಸ್ ಅಷ್ಟು ಒತ್ತುವುದಿಲ್ಲ. ಟೇಬಲ್‌ಗೆ ಪ್ರೆಸ್ಸಿನ ಮಿತಿ ಗೊತ್ತಿಲ್ಲ, ನಾವೇ ಬಣ್ಣ ಹಾಕಿ ಆ ಮನೆಗಳನ್ನು ಬಿಡಬೇಕು. ಈ ಟೇಬಲ್ ನೋಡಿಯೇ ಹಾಳೆ ದಾಸ್ತಾನಿಗೆ ಅಟ್ಟ ಮಾಡಿ ತಗಡು ಹೊದೆಸಿದೆ, ಸುಮಾರು 18,000 ಆಯಿತು. ಕೆಟ್ಟ ಮಳೆಯ ಎರಡು ತಿಂಗಳಲ್ಲೇ ಆ ದುಡ್ಡು ವಾಪಸ್.

ಈ ಸಲ ಹಾಳೆ ಏರಿದೆ, ತಟ್ಟೆಯ ಪಾಲಿಗೆ 1.20 ಬೀಳುತ್ತಿದೆ. B3ಯನ್ನು 2.04 ಮಾಡಿ, B2ರಲ್ಲಿ 30,000 ಇಟ್ಟು ರೇಟು ಹುಡುಕಿಸಿದೆ. 4.82 ಬಂತು. ರೇಟು ಹುಡುಕುವಾಗ ತಟ್ಟೆಯ ಸಂಖ್ಯೆ ಬದಲಾಗುವುದಿಲ್ಲ, ಟ್ರಿಪ್ಪೂ ಬದಲಾಗುವುದಿಲ್ಲ, ಹಾಗಾಗಿ ಇಲ್ಲಿ ಗೋಲ್ ಸೀಕ್ ಎಡವುವುದಿಲ್ಲ. 20 ಪೈಸೆ ಹಾಳೆಗೆ 22 ಪೈಸೆ ರೇಟು ಏರಬೇಕು, ಆ 2 ಪೈಸೆ ಹಾಳಾಗುವ ತಟ್ಟೆಯದ್ದು. ಸೋಮವಾರ ಟೇಬಲ್ ಪ್ರಿಂಟ್ ಮಾಡಿಕೊಂಡು ಮಂಗಳೂರಿಗೆ ಹೋಗುತ್ತಿದ್ದೇನೆ, ಭಾವನೂ ಬರುತ್ತೇನೆ ಅಂದಿದ್ದಾರೆ.